ನೆಲ ಮುಟ್ಟದ ಕರೆಂಟು

ಪಾಳಯಂಕೋಟೆಯ ಆ ಹಳೆಯ ಮಿಷನ್ ಆಸ್ಪತ್ರೆಯ ಎರಡನೇ ಥಿಯೇಟರಿನಲ್ಲಿ ಗೋಡೆಯ ಹಳದಿ ದೀಪ ಹತ್ತಿತೆಂದರೆ ಯಾರೂ ಚಾಕು ಎತ್ತುತ್ತಿರಲಿಲ್ಲ. ಬಜರ್ ಕುಂಯ್ ಎಂದು ಕೂಗುತ್ತಿತ್ತು, ಸಿಸ್ಟರ್ ಜೆಬಮಣಿ ಹೋಗಿ ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸುತ್ತಿದ್ದರು, ಆಮೇಲೆ ಗೋಡೆಗೆ ಬೆನ್ನು ಕೊಟ್ಟು ಕೈ ಕಟ್ಟಿ ನಿಲ್ಲುತ್ತಿದ್ದರು. "ಅನ್ನಪಾಕ್ಕಿಯಂ ಅಕ್ಕ ಬಂದಿದ್ದಾರೆ. ನೋಡಿಕೊಂಡು ಹೋಗಲಿ" ಎನ್ನುತ್ತಿದ್ದರು. ದೀಪ ಹಸಿರಾಗುವವರೆಗೆ ಎಲ್ಲರೂ ಕಾಯುತ್ತಿದ್ದರು. ದೇವರನ್ನೇ ನಂಬದ ಡಾಕ್ಟರೂ ಕಾಯುತ್ತಿದ್ದರು, ಗಡಿಯಾರ ನೋಡಿಕೊಳ್ಳುತ್ತಾ.

ಈ ಕಾಯುವಿಕೆ ಇಸಕ್ಕಿಮುತ್ತುವಿಗೆ ಮೈ ಉರಿಯುವ ವಿಷಯ. ಹತ್ತೊಂಬತ್ತು ವರ್ಷದಿಂದ ಆಸ್ಪತ್ರೆಯ ಎಲೆಕ್ಟ್ರಿಕಲ್ ಮೇಲ್ವಿಚಾರಕನಾಗಿದ್ದವನು ಅವನು. ಆ ದೀಪ ಅವನ ದೀಪ, ಆ ಬಜರ್ ಅವನ ಬಜರ್. ತಾನು ಸಾಕಿದ ನಾಯಿ ಬೊಗಳಿದರೆ ಊರವರು ಅದಕ್ಕೆ ಊದುಬತ್ತಿ ಹಚ್ಚಿದ ಹಾಗಾಗಿತ್ತು ಅವನ ಪಾಡು.

ನರ್ಸ್ ಅನ್ನಪಾಕ್ಕಿಯಂ ಸತ್ತದ್ದು ಮಾತ್ರ ಸುಳ್ಳಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಇದೇ ಕೋಣೆಯಲ್ಲಿ, ಹಾಡಹಗಲೇ, ಒದ್ದೆ ನೆಲದ ಮೇಲೆ ನಿಂತು, ಒಂದು ಕೈ ಆಪರೇಷನ್ ಮೇಜಿನ ಮೇಲಿಟ್ಟು, ಇನ್ನೊಂದು ಕೈಯಲ್ಲಿ ಸಿಪ್ಪೆ ಸುಲಿದ ವೈರನ್ನು ಎತ್ತಿದ್ದಳು. ಆಗ ಥಿಯೇಟರಿಗೂ ಮನೆಗೆ ಬರುವಂಥದೇ ಕರೆಂಟು. ಎರಡು ತಂತಿಯಲ್ಲಿ ಒಂದಕ್ಕೆ ಭೂಮಿಯ ನಂಟು ಕಟ್ಟಿರುತ್ತದೆ, ಹಾಗಾಗಿ ಇನ್ನೊಂದನ್ನು ಮುಟ್ಟಿದವನ ಮೈಯೇ ದಾರಿಯಾಗುತ್ತದೆ. ಅವಳು ಹೋದ ಮೇಲೆ ಆಡಳಿತದವರಿಗೆ ಬುದ್ಧಿ ಬಂತು. ಪಕ್ಕದ ಕೋಣೆಯಲ್ಲಿ ಬೇರ್ಪಡಿಸುವ ಟ್ರಾನ್ಸ್‌ಫಾರ್ಮರ್ ಕೂರಿಸಿದರು. ಅದರಲ್ಲಿ ಕರೆಂಟು ಒಂದು ಸುರುಳಿಯಿಂದ ಇನ್ನೊಂದಕ್ಕೆ ತಂತಿಯ ನಂಟಿಲ್ಲದೆ ದಾಟುತ್ತದೆ. ಆಚೆ ಹೊರಡುವ ಎರಡು ತಂತಿಗಳಲ್ಲಿ ಯಾವುದನ್ನೂ ಭೂಮಿಗೆ ಕಟ್ಟುವುದಿಲ್ಲ. ಒಂದನ್ನು ಯಾರಾದರೂ ಮುಟ್ಟಿದರೂ ಕರೆಂಟಿಗೆ ಭೂಮಿಯ ಮೂಲಕ ಮನೆಗೆ ಮರಳುವ ದಾರಿಯೇ ಇಲ್ಲ.

ಇದನ್ನೆಲ್ಲ ಇಸಕ್ಕಿಮುತ್ತು ಒಮ್ಮೆ ಜೆಬಮಣಿಯವರಿಗೆ ಬಿಡಿಸಿ ಹೇಳಿದ್ದ. ಅವರು ಗಾಜ್ ಬಟ್ಟೆ ಮಡಚುತ್ತಾ ಪೂರಾ ಕೇಳಿಸಿಕೊಂಡರು.

"ಅಂದ್ರೆ ಈ ರೂಮಿನ ಕರೆಂಟಿನ ಕಾಲು ನೆಲಕ್ಕೆ ತಾಗಲ್ಲ ಅಂತೀಯ."

"ಹ್ಞೂಂ, ಹಾಗೇ ಅಂದ್ಕೊಳ್ಳಿ."

"ಕಾಲು ನೆಲಕ್ಕೆ ತಾಗದೆ ಓಡಾಡೋದು ಇನ್ಯಾರಪ್ಪಾ? ನೀನೇ ಹೇಳು."

ಅವನು ನಕ್ಕು ತನ್ನ ಚೀಲ ಎತ್ತಿಕೊಂಡು ಹೊರಟ. ಆ ಮಾತು ಮಾತ್ರ ಕಿವಿಯೊಳಗೆ ಉಳಿಯಿತು. ಒಬ್ಬನೇ ಟ್ರಾನ್ಸ್‌ಫಾರ್ಮರಿನ ಕೋಣೆಗೆ ಹೋದಾಗ ಅದರ ಗುಂಯ್‌ಗುಡುವ ಸದ್ದು ಅವನಿಗೆ ಹಿಂದಿನ ಹಾಗೆ ಕೇಳಿಸಲಿಲ್ಲ.

ದೀಪಾವಳಿ ಬರುವ ಐಪ್ಪಸಿ ತಿಂಗಳ ಮಳೆ ಹಿಡಿದ ಮೇಲೆ ಹಳದಿ ದೀಪದ ಕಾಟ ಹೆಚ್ಚಾಯಿತು. ಮಂಗಳವಾರ ಮತ್ತು ಶುಕ್ರವಾರ, ಎರಡನೇ ಥಿಯೇಟರಿನ ಆಪರೇಷನ್ ದಿನಗಳಂದು, ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ಹತ್ತುವುದು, ಇವನು ನೆಲಮಾಳಿಗೆಯಿಂದ ಮೆಟ್ಟಿಲು ಹತ್ತಿ ಬಂದು ಹಸಿರು ಬಟ್ಟೆ ತೊಟ್ಟು ಒಳಗೆ ಕಾಲಿಡುವಷ್ಟರಲ್ಲಿ ಆರಿ ಹಸಿರಾಗುವುದು. ಗೋಡೆಯಲ್ಲಿರುವ ಕಾವಲು ಯಂತ್ರದ ಕೆಲಸ ಸರಳ. ಎರಡು ತಂತಿಗಳಿಗೂ ಭೂಮಿಗೂ ನಡುವೆ ಒಂದು ಚೂರೇ ಚೂರು ಕರೆಂಟು ಬಿಟ್ಟು, ನಡುವಿನ ತಡೆ ಎಷ್ಟಿದೆ ಎಂದು ಸದಾ ಅಳೆಯುತ್ತಿರುತ್ತದೆ. ಮುನ್ನೂರು, ನಾನೂರು ಕಿಲೋಓಮ್ ಇದ್ದರೆ ಕ್ಷೇಮ. ಐವತ್ತಕ್ಕೆ ಇಳಿದರೆ ಹಳದಿ, ಜೊತೆಗೆ ಬಜರ್. ಬಜರಿನ ಬಾಯಿ ಮುಚ್ಚಿಸಬಹುದು. ಹಳದಿ ದೀಪವನ್ನು ಮಾತ್ರ ಯಾರಪ್ಪ ಬಂದರೂ ಆರಿಸಲಾಗದು, ದೋಷ ಹೋಗುವವರೆಗೆ ಅದು ಉರಿಯಲೇಬೇಕು. ಹಾಗಿರುವಾಗ ದೋಷವೇ ತಾನಾಗಿ ಬಂದು ತಾನಾಗಿ ಹೋಗುತ್ತಿದ್ದರೆ ಏನರ್ಥ?

ಒಂದು ಮಂಗಳವಾರ ಅವನು ಮೊದಲೇ ಒಳಗೆ ಹೋಗಿ ಮೂಲೆಯಲ್ಲಿ ಕೂತ. ಆಯಾ ಬಂದಳು, ನೆಲ ಒರೆಸಿದಳು, ಸಲೈನ್ ಬಾಟಲಿ ಬೆಚ್ಚಗಿಡುವ ಪುಟ್ಟ ಬೀರುವಿನ ಸ್ವಿಚ್ ಹಾಕಿದಳು. ಕುಂಯ್. ಅಂಕಿ ಮುನ್ನೂರ ಎಂಬತ್ತರಿಂದ ಮೂವತ್ತಕ್ಕೆ ಬಿತ್ತು. ಅವನು ಎದ್ದು ಸ್ವಿಚ್ ಆರಿಸಿದ, ಹಸಿರು. ಹಾಕಿದ, ಹಳದಿ. ಬಿಟ್ಟು ನೋಡುತ್ತಾ ನಿಂತ. ಮೂವತ್ತು, ಮೂವತ್ತಾರು, ನಲವತ್ತೈದು, ಇಪ್ಪತ್ತು ನಿಮಿಷಕ್ಕೆ ನೂರು ದಾಟಿತು. ಬೀರುವಿನ ಕಾಯಿಸುವ ಕಡ್ಡಿಯೊಳಗೆ ಮಳೆಗಾಲದ ಶೀತ ಸೇರಿತ್ತು. ಮೂರು ದಿನ ಸುಮ್ಮನಿದ್ದರೆ ತೇವ ಹೀರುವುದು, ಕಾದ ಮೇಲೆ ಒಣಗುವುದು. ಅಷ್ಟೇ ಭೂತ.

ಅವನ ಸಂಭ್ರಮ ಹೇಳತೀರದು. ಸರ್ಜನ್ ಕಿರುಬಾಕರನ್ ಮುಂದೆ, ಆಯಾಗಳ ಮುಂದೆ, ಕ್ಯಾಂಟೀನಿನಲ್ಲಿ ಸಹ ಅದೇ ಮಾತು.

"ಸಾರ್, ಇನ್ಮೇಲೆ ಹಳದಿ ಬಂದ್ರೆ ಕಾಯ್ಬೇಡಿ. ಬೀರು ಶೀತ ಹಿಡಿದಿದೆ, ಅಷ್ಟೆ. ಇಪ್ಪತ್ತು ನಿಮಿಷಕ್ಕೆ ತಾನೇ ಹೋಗುತ್ತೆ. ನೀವು ನಿಮ್ಮ ಕೆಲಸ ನೋಡ್ಕೊಳ್ಳಿ."

"ಬದುಕಿದೆ ಮಾರಾಯ. ಪ್ರತಿ ಸಲ ಅರ್ಧ ಗಂಟೆ ಆ ಅಕ್ಕನಿಗೆ ಕಂದಾಯ ಕಟ್ತಿದ್ದೆ" ಎಂದು ಡಾಕ್ಟರು ನಕ್ಕರು.

ಜೆಬಮಣಿ ನಗಲಿಲ್ಲ. "ಬೀರು ಅಂದ್ರೆ ಬೀರು. ಆದ್ರೂ ಹಳದಿ ಇದ್ದಾಗ ನಾನು ನಿಲ್ತೀನಿ. ಅನ್ನಪಾಕ್ಕಿಯಂ ನನ್ನ ಜೊತೆ ಒಂದೇ ಕೊಡೆಯಲ್ಲಿ ಮನೆಗೆ ಹೋಗ್ತಿದ್ದೋಳು."

"ನಿಲ್ಲಿ ಸಿಸ್ಟರಮ್ಮ, ನಿಲ್ಲಿ. ಕಾಲು ನೋಯೋದು ನಿಮಗೇ" ಎಂದ ಇಸಕ್ಕಿಮುತ್ತು. ಗೆದ್ದವನಿಗೆ ನಾಲಿಗೆ ಉದ್ದ ತಾನೇ.

ಆ ಹೊತ್ತಿಗೇ ಅವನ ಮನೆಯಲ್ಲೂ ಒಂದು ತೊಂದರೆ ಎದ್ದಿತ್ತು. ಹೆಂಡತಿ ಮಾರಿಸೆಲ್ವಿಗೆ ಪಿತ್ತಕೋಶದಲ್ಲಿ ಕಲ್ಲು. ಬೀಡಿ ಸುತ್ತುತ್ತಾ ಕೂತವಳು ಹೊಟ್ಟೆ ಹಿಡಿದುಕೊಂಡು ಮಗುಚಿ ಬೀಳುವಳು. ಹೊಟ್ಟೆ ಕೊಯ್ಯದೆ ಸಣ್ಣ ತೂತಿನಲ್ಲಿ ಕ್ಯಾಮೆರಾ ಇಳಿಸಿ ತೆಗೆಯುವ ಹೊಸ ಯಂತ್ರ ಆಸ್ಪತ್ರೆಗೆ ಬರುವುದರಲ್ಲಿತ್ತು. ಗಾಲಿಯ ಮೇಲಿನ ಆಳೆತ್ತರದ ಗೋಪುರ ಅದು. ಬಂದ ವಾರದಲ್ಲೇ ಮಾರಿಸೆಲ್ವಿಯ ಸರದಿ ಎಂದು ಡಾಕ್ಟರು ಮಾತು ಕೊಟ್ಟಿದ್ದರು.

ಗೋಪುರಕ್ಕೆ ಕರೆಂಟು ಎಲ್ಲಿಂದ? ಆಡಳಿತಾಧಿಕಾರಿ ತಂಗದುರೈ ಇವನನ್ನು ಕರೆಸಿದರು.

"ಈಗಿರೋದು ಐದು ಕೆವಿಎ ಟ್ರಾನ್ಸ್‌ಫಾರ್ಮರ್. ಸಾಲಲ್ಲ ಅಂತ ನೀನೇ ಬರೆದಿದ್ದೀಯ. ಹಾಗಾದ್ರೆ ಒಂದೇ ಸಲ ಹದಿನಾರರದ್ದು ತಂದು ಎರಡೂ ಥಿಯೇಟರಿಗೆ ಕೊಟ್ಟುಬಿಡೋಣ. ಮುಗೀತಲ್ಲ ತಲೆನೋವು?"

"ಆಗಲ್ಲ ಸಾರ್. ಹತ್ತರ ಮೇಲೆ ಹೋಗೋ ಹಾಗಿಲ್ಲ. ಟ್ರಾನ್ಸ್‌ಫಾರ್ಮರ್ ದೊಡ್ಡದಾದಷ್ಟೂ, ತಂತಿ ಉದ್ದ ಆದಷ್ಟೂ, ಏನೂ ದೋಷ ಇಲ್ಲದೇನೇ ಭೂಮಿಗೆ ಒಂದಿಷ್ಟು ಸೋರುತ್ತೆ. ಬೇರೆ ಮಾಡಿದ್ದೇ ದಂಡ ಆಗುತ್ತೆ. ಅಲ್ದೆ ಒಂದು ಥಿಯೇಟರಲ್ಲಿ ವೈರ್ ಕೆಟ್ರೆ ಇನ್ನೊಂದ್ರಲ್ಲೂ ಬಜರ್ ಹೊಡ್ಕೊಳ್ಳುತ್ತೆ. ಒಂದೊಂದಕ್ಕೂ ಅದರದ್ದೇ ಇರಲಿ. ಎರಡನೇದಕ್ಕೆ ಎಂಟರದ್ದು ತರಿಸಿ."

"ಎಂಟರದ್ದು ಬರೋಕೆ ಎರಡು ತಿಂಗಳು. ಗೋಪುರ ನಾಳೇನೇ ಬರುತ್ತೆ. ಹೊರೆ ಜಾಸ್ತಿ ಆದ್ರೆ ಕಟ್ ಆಗುತ್ತಲ್ಲ, ಬಿಡು."

"ಅದೇ ಸಾರ್, ಕಟ್ ಆಗಲ್ಲ! ಹೊಟ್ಟೆ ತೆರೆದಿರೋವಾಗ ಹೊರೆ ಜಾಸ್ತಿ ಆಯ್ತು ಅಂತ ಕರೆಂಟ್ ಹೋದ್ರೆ ರೋಗಿ ಗತಿ ಏನು? ಅದಕ್ಕೇ ಈ ಟ್ರಾನ್ಸ್‌ಫಾರ್ಮರಿಗೆ ಹೊರೆಗೆ ಬೀಳೋ ಕಟ್‌ಔಟ್ ಇಡಲ್ಲ, ನೇರ ಶಾರ್ಟ್ ಆದ್ರೆ ಮಾತ್ರ ಬೀಳುತ್ತೆ. ಹೊರೆ ಹೆಚ್ಚಾದ್ರೆ, ಸುರುಳಿ ಬಿಸಿಯಾದ್ರೆ ಕೂಗುತ್ತೆ, ಅಷ್ಟೆ. ಕೇಳಿಸ್ಕೊಂಡು ನಾವೇ ಏನನ್ನಾದ್ರೂ ಆರಿಸ್ಬೇಕು."

ಅವನು ಕಾಗದದ ಮೇಲೆ ಒಂದೊಂದೇ ಯಂತ್ರದ ಹಸಿವನ್ನು ಬರೆದು ಕೂಡಿದ. ಮತ್ತಿನ ಯಂತ್ರ, ಸುಟ್ಟು ಕೊಯ್ಯುವ ಯಂತ್ರ, ಮೇಜು, ಹೀರುವ ಪಂಪು, ಬಿಸಿಗಾಳಿಯ ಹೊದಿಕೆ, ಮಾನಿಟರುಗಳು, ಬೀರು. ಗೋಪುರವೂ ಸೇರಿದರೆ ಐದು ಕೆವಿಎ, ಎಂದರೆ ಐದು ಸಾವಿರದ ಗಡಿಯನ್ನೇ ಮುಟ್ಟುತ್ತಿತ್ತು, ಒಂದು ಚಮಚ ಜಾಗ ಉಳಿಯುತ್ತಿರಲಿಲ್ಲ. ಬೀರುವೊಂದೇ ಸಾವಿರ ತಿನ್ನುತ್ತಿತ್ತು. ಅದನ್ನು ತೆಗೆದರೆ ನಾಲ್ಕು ಸಾವಿರ, ಉಸಿರಾಡಬಹುದು. ಹೇಗೂ ಶೀತ ಹಿಡಿದದ್ದು. ಬುಧವಾರ ಬೀರುವನ್ನು ಎತ್ತಿಸಿ ನೆಲಮಾಳಿಗೆಯ ತನ್ನ ಕೋಣೆಗೆ ತಂದು ಕಡ್ಡಿ ಬಿಚ್ಚಿಟ್ಟ. ಗೋಪುರಕ್ಕೊಂದು ಹೊಸ ಸಾಕೆಟ್ ಹಾಕಲು ಗುತ್ತಿಗೆದಾರನ ವೈರ್‌ಮನ್ ಪರಮಶಿವನ್ ಗುರುವಾರ ಬರುವುದೆಂದಾಯಿತು. ನಲವತ್ತು ದಾಟಿದ, ತಿರುನೆಲ್ವೇಲಿಯ ಅರ್ಧ ಮನೆಗಳಿಗೆ ತಂತಿ ಎಳೆದ ಅನುಭವಸ್ಥ. ಗುರುವಾರ ಸಂಜೆ ಇಸಕ್ಕಿಮುತ್ತು ನಿಂತು ನೋಡಬೇಕಿತ್ತು. ಆದರೆ ಅದೇ ಹೊತ್ತಿಗೆ ಮಾರಿಸೆಲ್ವಿಯನ್ನು ವಾರ್ಡಿಗೆ ಸೇರಿಸಬೇಕಾಗಿ ಬಂತು.

ಶುಕ್ರವಾರ ಬೆಳಿಗ್ಗೆ ಸ್ಟ್ರೆಚರಿನ ಮೇಲೆ ಮಲಗಿ ಹೊರಟವಳು ಅವನ ಅಂಗಿಯ ತುದಿ ಹಿಡಿದಳು.

"ಏನಂದ್ರೆ, ಆ ಎರಡನೇ ರೂಮೇನಾ?"

"ಹ್ಞೂಂ. ನಾನೇ ಕಾವಲಿಟ್ಟಿರೋ ರೂಮು. ಭಯ ಯಾಕೆ?"

"ಭಯ ಅಲ್ಲ. ಅಲ್ಲಿ ಯಾರೋ ಬರ್ತಾರಂತೆ."

"ಬರ್ತಿದ್ದೋಳು ಈಗ ನನ್ನ ಟೇಬಲ್ ಮೇಲೆ ಬಿದ್ದಿದ್ದಾಳೆ, ಬೋಲ್ಟ್ ಬಿಚ್ಚಿಸ್ಕೊಂಡು. ಹೋಗು ಹೋಗು" ಎಂದು ನಗಿಸಿ ಕಳಿಸಿದ.

ಕೆಳಗೆ ಬಂದು ಕೂತ. ಥಿಯೇಟರಿನಲ್ಲಿರುವಂಥದೇ ಇನ್ನೊಂದು ದೀಪದ ಪೆಟ್ಟಿಗೆ ಅವನ ಕೋಣೆಯ ಗೋಡೆಗೂ ಇತ್ತು. ಮೇಲೆ ಏನಾದರೆ ಇಲ್ಲೂ ತಿಳಿಯಬೇಕೆಂದು ಅದರ ಏರ್ಪಾಡು. ಹಸಿರು ಉರಿಯುತ್ತಿತ್ತು. ಕ್ಯಾಂಟೀನಿನವನು ತಂದಿಟ್ಟ ಉದ್ದಿನ ವಡೆಯನ್ನು ಮುರಿದ.

ಕುಂಯ್ ಎಂದಿತು.

ಎಂಟೂ ಮೂವತ್ತೈದು. ಹಳದಿ. ಅವನು ವಡೆ ಅಗಿಯುತ್ತಲೇ ಎಡಗೈ ಚಾಚಿ ಬಜರ್ ಗುಂಡಿ ಒತ್ತಿದ. ಬೀರು ಹಾಕಿದ್ದಾರೆ, ಎಂದು ರೂಢಿಯ ಮೇಲೆ ಅಂದುಕೊಂಡ. ಇಪ್ಪತ್ತು ನಿಮಿಷ. ಎರಡನೇ ತುತ್ತು ಮುರಿಯಲು ಕೈ ಹೋಯಿತು. ಕೈ ಹೋದಲ್ಲಿ, ವಡೆಯ ಎಲೆಯ ಪಕ್ಕ, ತಣ್ಣನೆಯ ಲೋಹ ತಾಗಿತು.

ಬೀರು ಅವನ ಮೇಜಿನ ಮೇಲಿತ್ತು. ಬಾಗಿಲು ತೆಗೆದುಕೊಂಡು, ಕಡ್ಡಿ ಕಳಚಿಕೊಂಡು, ತಂತಿ ಸುತ್ತಿಕೊಂಡು ಅವನನ್ನೇ ನೋಡುತ್ತಿತ್ತು.

ಹಾಗಾದರೆ ಮೇಲೆ ಬಂದದ್ದು ಯಾರು?

ವಡೆ ಬಿಟ್ಟು ಎದ್ದ. ಪೆಟ್ಟಿಗೆಯ ಅಂಕಿ ನೋಡಿದ. ಮೂವತ್ತಲ್ಲ, ನಲವತ್ತಲ್ಲ, ಸೊನ್ನೆ. ಅವನ ಹತ್ತೊಂಬತ್ತು ವರ್ಷದಲ್ಲಿ ಆ ಕಿಟಕಿಯಲ್ಲಿ ಸೊನ್ನೆ ಕಂಡಿರಲಿಲ್ಲ. ತಡೆ ಎಂಬುದೇ ಇಲ್ಲ, ಥಿಯೇಟರಿನ ಒಂದು ತಂತಿ ಪೂರ್ತಿ ನೆಲಕ್ಕೆ ಕಾಲೂರಿ ನಿಂತಿದೆ. ಇಪ್ಪತ್ತೆರಡು ವರ್ಷದ ಹಿಂದಿನ ಕೋಣೆಯೇ ಮತ್ತೆ ಎದ್ದು ಬಂದಿದೆ. ಕರೆಂಟು ಕಡಿಯುವುದಿಲ್ಲ, ಯಂತ್ರಗಳೆಲ್ಲ ಚೆನ್ನಾಗಿ ಓಡುತ್ತಿರುತ್ತವೆ, ಏನೂ ಆಗದ ಹಾಗೆ ಕಾಣುತ್ತದೆ. ಒಂದನೇ ದೋಷಕ್ಕೆ ಏನೂ ಆಗುವುದೂ ಇಲ್ಲ. ಎರಡನೆಯದು ಇನ್ನೊಂದು ತಂತಿಯಲ್ಲಿ ಬಂದರೆ, ನಡುವೆ ಯಾರಿದ್ದಾರೋ ಅವರೇ ದಾರಿ. ಮತ್ತು ಮೇಲಿರುವವರಿಗೆಲ್ಲ ಕಾಯಬೇಡಿ ಎಂದು ಹೇಳಿಕೊಟ್ಟವನು ಅವನೇ.

ಮೆಟ್ಟಿಲನ್ನು ಹೇಗೆ ಹತ್ತಿದನೋ ಅವನಿಗೇ ಗೊತ್ತಿಲ್ಲ. ಹಸಿರು ಬಟ್ಟೆಯನ್ನು ಅರ್ಧಂಬರ್ಧ ಸಿಕ್ಕಿಸಿಕೊಂಡು ಬಾಗಿಲು ನೂಕಿದ.

ಮಾರಿಸೆಲ್ವಿ ಮೇಜಿನ ಮೇಲೆ ಅಂಗಾತ ಮಲಗಿದ್ದಳು. ಮಂಪರಿನ ಸೂಜಿ ಚುಚ್ಚಿದ್ದರು, ಪೂರ್ತಿ ಮತ್ತು ಇನ್ನೂ ಕೊಟ್ಟಿರಲಿಲ್ಲ. ಗೋಡೆಯ ಹಳದಿ ಬೆಳಕು ಅವಳ ಕೆನ್ನೆಯ ಮೇಲೆ ಅರಿಸಿನದ ಹಾಗೆ ಬಿದ್ದಿತ್ತು. ಬಜರ್ ಸುಮ್ಮನಿತ್ತು. ಕೈ ತೊಳೆದು ನಿಂತಿದ್ದ ಡಾಕ್ಟರ್ ಕಿರುಬಾಕರನ್ ಸಿಟ್ಟಿನಲ್ಲಿದ್ದರು.

"ಬಂದೆಯಾ? ನೋಡು ನಿನ್ನ ಸಿಸ್ಟರಮ್ಮನ್ನ. ಬೀರು ಅಂತ ನೀನೇ ಹೇಳಿದ್ದಲ್ವಾ? ಪಂಪಿನ ಹತ್ರ ಬಂದು ನಿಲ್ಲಿ, ಟ್ರೇ ಕೊಡಿ ಅಂತ ನಾಲ್ಕು ಸಲ ಕರೆದೆ. ಗೋಡೆ ಬಿಟ್ಟು ಅಲ್ಲಾಡ್ತಿಲ್ಲ."

ಜೆಬಮಣಿ ಗೋಡೆಗೆ ಬೆನ್ನು ಕೊಟ್ಟು, ಕೈ ಕಟ್ಟಿ ನಿಂತಿದ್ದರು.

"ಸಾರ್, ಬೀರು ಕೆಳಗಿದೆ" ಎಂದ ಇಸಕ್ಕಿಮುತ್ತು. ಸ್ವರ ಅವನದೇ ಅನ್ನಿಸಲಿಲ್ಲ. "ನಾನು ಹೇಳಿದ್ದು ತಪ್ಪು. ಇದು ಬೀರು ಅಲ್ಲ. ಯಾರೂ ಏನೂ ಮುಟ್ಬೇಡಿ. ಇದ್ದಲ್ಲೇ ಇರಿ."

ಡಾಕ್ಟರು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡರು. ಮಾನಿಟರಿನಲ್ಲಿ ಮಾರಿಸೆಲ್ವಿಯ ಎದೆ ಬಡಿತದ ಸದ್ದು ಬರುತ್ತಲೇ ಇತ್ತು.

"ಇವತ್ತು ಹೊಸದಾಗಿ ಏನು ಬಂತು ಒಳಗೆ?"

"ಆ ಗೋಪುರ" ಎಂದರು ಜೆಬಮಣಿ. "ಅದನ್ನ ಹೊಸ ಸಾಕೆಟ್ಟಿಗೆ ಸಿಕ್ಕಿಸಿ, ಆಯಾ ಪೆಟ್ಟಿಗೆಯಲ್ಲಿ ಸ್ವಿಚ್ ಎತ್ತಿದ್ಲು. ಆವಾಗ್ಲೇ ಬಂದ್ಲು ಅನ್ನಪಾಕ್ಕಿಯಂ."

ಗೋಪುರದ ಪ್ಲಗ್ ಕಿತ್ತ. ಐದಾರು ಸೆಕೆಂಡು ಕಾದ. ಸೊನ್ನೆ. ಯಂತ್ರದ್ದಲ್ಲ ತಪ್ಪು. ಗೋಡೆಯ ಪೆಟ್ಟಿಗೆ ತೆರೆದು ಹೊಸ ಸಾಕೆಟ್ಟಿನ ಎರಡೂ ತಂತಿ ಕಡಿಯುವ ಬ್ರೇಕರ್ ಇಳಿಸಿದ. ಅಂಕಿ ಕದಲಿತು. ಹತ್ತು, ಇಪ್ಪತ್ತೊಂಬತ್ತು, ಮೂವತ್ತೆಂಟು. ಅಲ್ಲಿಗೇ ನಿಂತಿತು. ದೀಪ ಹಳದಿಯೇ.

"ಸೊನ್ನೆ ಇದ್ದದ್ದು ಮೂವತ್ತೆಂಟಾಯ್ತಲ್ಲ, ಸಾಕಲ್ವಾ?" ಎಂದರು ಡಾಕ್ಟರು. "ಗೋಪುರನ ಬೇರೆ ಸಾಕೆಟ್ಟಿಗೆ ಹಾಕು, ಶುರು ಮಾಡೋಣ. ಹಳದಿ ಬಂದ್ರೆ ಕಾಯ್ಬೇಡಿ ಅಂತ ನೀನೇ ಅಂದಿದ್ದೆ."

ಹೌದು, ಅಂದಿದ್ದ. ತನ್ನದೇ ಮಾತು ತನಗೇ ಎದುರಾಳಿಯಾಗಿ ನಿಂತಿತ್ತು. ದೊಡ್ಡ ದೋಷದ ನೆರಳಿನಲ್ಲಿ ಇನ್ನೊಂದು ಅಡಗಿ ಕೂತಿತ್ತು, ಸೊನ್ನೆಯ ಕೆಳಗೆ ಯಾವ ಅಂಕಿಯೂ ಕಾಣಿಸುವುದಿಲ್ಲವಲ್ಲ.

"ಇಲ್ಲ ಸಾರ್. ಇನ್ನೂ ಒಬ್ರು ಇದ್ದಾರೆ" ಎಂಬ ಮಾತು ಅವನ ಬಾಯಿಂದ ಹೊರಟಿತು. ಇನ್ನೂ ಒಂದು ಎನ್ನಬೇಕಿತ್ತು.

ಒಂದೊಂದೇ ಪ್ಲಗ್ ಕಿತ್ತು ಅಂಕಿ ನೋಡಿದ. ಸುಟ್ಟು ಕೊಯ್ಯುವ ಯಂತ್ರ, ಮೂವತ್ತೆಂಟು. ಬಿಸಿಗಾಳಿ, ಮೂವತ್ತೆಂಟು. ಮೇಜು, ಮೂವತ್ತೊಂಬತ್ತು. ಬೆವರು ಮಾಸ್ಕಿನೊಳಗೆ ಇಳಿಯುತ್ತಿತ್ತು. ಹೀರುವ ಪಂಪಿನ ಪ್ಲಗ್ಗಿಗೆ ಕೈ ಹಾಕಿ ಎಳೆದ. ನೂರು, ಇನ್ನೂರ ಐವತ್ತು, ನಾನೂರ ಹತ್ತು. ಕೋಣೆಯ ಬಣ್ಣವೇ ಬದಲಾಯಿತು. ಹಸಿರು.

ಕಿತ್ತ ಪ್ಲಗ್ಗನ್ನು ಕೈಯಲ್ಲೇ ಹಿಡಿದು ಪಂಪಿನ ತಂತಿಯನ್ನು ಬೆರಳಲ್ಲಿ ಸವರುತ್ತಾ ಮಂಡಿಯೂರಿ ಹೋದ. ಅದು ಹೊಸ ಗೋಪುರದ ಗಾಲಿಯ ಕೆಳಗೆ ನುಗ್ಗಿತ್ತು. ಅಷ್ಟು ಭಾರದ ಗಾಲಿ ಹತ್ತಿ ಸಿಪ್ಪೆ ಸೀಳಿ, ಒಳಗಿನ ತಾಮ್ರ ಹಲ್ಲು ಕಿರಿದಿತ್ತು. ಪಕ್ಕದ ಚೀಲದಿಂದ ತೊಟ್ಟಿಕ್ಕಿದ ಸಲೈನ್ ಅಂಗೈಯಗಲ ನಿಂತಿತ್ತು, ತಾಮ್ರ ಅದರಲ್ಲಿ ನೆನೆದಿತ್ತು. ಆ ನೀರಿನ ಸುತ್ತ ನೆಲದ ಮೇಲೆ ಹಳೆಯ ಸವಕಲು. ವರ್ಷಾನುಗಟ್ಟಲೆ ಒಬ್ಬರೇ ನಿಂತು ನಿಂತು ಸವೆದ ಜಾಗ. ಜೆಬಮಣಿ ನಿಲ್ಲುವ ಜಾಗ. ಅಲ್ಲಿ ನಿಂತು ಒಂದು ಕೈ ಮೇಜಿಗೆ ಊರಿ, ಬಗ್ಗಿ ತಂತಿಯನ್ನು ಬದಿಗೆ ಸರಿಸುವುದು ಅವರ ರೂಢಿ. ಮೇಜಿನ ಮೇಲೆ ಅವನ ಹೆಂಡತಿ.

ಅವನು ತಲೆಯೆತ್ತಿ ಮುದುಕಿಯನ್ನು ನೋಡಿದ. ಅವರೂ ಆ ನೀರನ್ನೇ ನೋಡುತ್ತಿದ್ದರು. ತುಟಿ ಅಲುಗುತ್ತಿತ್ತು, ಜಪವೋ ಹೆಸರೋ ತಿಳಿಯಲಿಲ್ಲ. ಇಸಕ್ಕಿಮುತ್ತುವಿಗೆ ಅಲ್ಲೇ ಕೂತು ಅತ್ತುಬಿಡಬೇಕೆನಿಸಿತು.

ಎಲ್ಲವನ್ನೂ ಒರೆಸಿ, ಬೇರೆ ಪಂಪು ತಂದು, ಗೋಪುರವನ್ನು ಹಳೆಯ ಸಾಕೆಟ್ಟಿಗೆ ಹಾಕಿ, ಹಸಿರು ನೋಡಿಕೊಂಡು ಆಪರೇಷನ್ ಶುರುವಾದಾಗ ಹತ್ತು ಗಂಟೆ. ಹನ್ನೊಂದೂವರೆಗೆ ಮುಗಿಯಿತು. ಹನ್ನೊಂದು ಕಲ್ಲು. ಮಾರಿಸೆಲ್ವಿ ಕ್ಷೇಮ.

ಪರಮಶಿವನ್‌ನನ್ನು ಮಧ್ಯಾಹ್ನ ಕರೆಸಿ ಹೊಸ ಸಾಕೆಟ್ ಬಿಚ್ಚಿಸಿದ. ಒಳಗೆ ಒಂದು ತಂತಿಗೂ ಭೂಮಿಯ ತಂತಿಗೂ ಚೊಕ್ಕವಾಗಿ ಒಂದು ತುಂಡು ಹಸಿರು ವೈರ್ ಕಟ್ಟಿತ್ತು.

"ಏಲೇ, ಇದೇನು?"

"ಅಣ್ಣಾಚಿ, ಟೆಸ್ಟರ್ ಇಟ್ರೆ ಎರಡೂ ತೂತಲ್ಲಿ ಮಿಣಿಮಿಣಿ ಉರೀತಿತ್ತು. ಭೂಮಿಗೆ ಬಲ್ಬ್ ಕಟ್ಟಿದ್ರೆ ಯಾವುದ್ರಲ್ಲೂ ಉರೀತಿಲ್ಲ. ನನ್ನ ಸರ್ವೀಸಲ್ಲೇ ಇಂಥಾದ್ದು ನೋಡಿಲ್ಲ, ಮೈ ಜುಂ ಅಂತು. ನ್ಯೂಟ್ರಲ್ ಎಲ್ಲೋ ಕಡಿದಿದೆ ಅಂದ್ಕೊಂಡೆ. ಪಾಪ, ಅದಕ್ಕೊಂದು ಕಾಲು ಕೊಟ್ಟೆ, ನೆಲಕ್ಕೆ. ಆಮೇಲೆ ಬ್ರೇಕರ್ ಇಳಿಸಿ ಹೋದೆ."

ಹೊಡೆಯಲು ಎತ್ತಿದ ಕೈ ಇಳಿಯಿತು. ಮನೆಗಳಲ್ಲಿ ಸರಿಯಾದದ್ದನ್ನೇ ಅವನು ಇಲ್ಲಿ ಮಾಡಿದ್ದ. ಇಲ್ಲಿಯದು ಬೇರೆ ಎಂದು ಹೇಳಬೇಕಾದವನು ಹೇಳಲು ಅಲ್ಲಿರಲಿಲ್ಲ. ತನ್ನದು ಇದಕ್ಕಿಂತ ದೊಡ್ಡ ತಪ್ಪು ಎಂದು ಇಸಕ್ಕಿಮುತ್ತುವಿಗೆ ಗೊತ್ತಿತ್ತು. ಇವನು ಒಂದು ತಂತಿಯನ್ನು ಕೆಡಿಸಿದ್ದ, ತಾನು ಒಂದು ಕೋಣೆಯ ಭಯವನ್ನೇ ಕಿತ್ತೆಸೆದಿದ್ದ.

ಸಂಜೆ ವಾರ್ಡಿನಲ್ಲಿ ಮಾರಿಸೆಲ್ವಿ ಕಣ್ಣು ಬಿಟ್ಟಳು. ನೀರು ಕೇಳಿದಳು, ತುಟಿ ಒದ್ದೆ ಮಾಡಿದ.

"ಡಾಕ್ಟರು ಬೈತಿದ್ರಲ್ಲ, ಪಾಪ" ಎಂದಳು ತೊದಲುತ್ತಾ. "ಗೋಡೆ ಹತ್ರ ನಿಂತಿದ್ರಲ್ಲ, ಆ ಇಬ್ರು ಸಿಸ್ಟರ್‌ಗಳನ್ನ. ದೊಡ್ಡೋರು ಬರ್ತೀನಿ ಅಂತ ಒಂದು ಹೆಜ್ಜೆ ಇಟ್ರು. ಇನ್ನೊಬ್ರು ಅವರ ಕೈ ಬಿಡ್ಲೇ ಇಲ್ಲ."

ಗೋಡೆಯ ಹತ್ತಿರ ಇದ್ದದ್ದು ಒಬ್ಬರೇ. ಮಂಪರಿನ ಔಷಧ ಒಂದನ್ನು ಎರಡಾಗಿ ತೋರಿಸುವುದುಂಟು ಎಂದು ಅವನಿಗೆ ಗೊತ್ತು. ಹಾಗೆಂದು ಹೇಳಲು ಬಾಯಿ ತೆರೆದ. ಬಿಡಿಸಿ ಹೇಳಿ ಹೇಳಿಯೇ ಇಲ್ಲಿಯವರೆಗೆ ಬಂದದ್ದು ನೆನಪಾಗಿ ಬಾಯಿ ಮುಚ್ಚಿಕೊಂಡ.

ಮುಂದಿನ ಮಂಗಳವಾರ ಎಂಟೂವರೆಗೆ ಅವನು ಎರಡನೇ ಥಿಯೇಟರಿನಲ್ಲಿದ್ದ. ಮೇಜು, ಪಂಪು, ಮಾನಿಟರುಗಳು ಎಲ್ಲ ಸಿಕ್ಕಿಸಿ ಆಗಿತ್ತು. ಅವನು ಕಾವಲು ಯಂತ್ರದ ಪರೀಕ್ಷೆಯ ಗುಂಡಿ ಒತ್ತಿದ. ಕುಂಯ್, ಹಳದಿ. ಆಯಾ ಬೆಚ್ಚಿದಳು. ಡಾಕ್ಟರು ಕೈಯೆತ್ತಿ ಹಿಡಿದು ನಿಂತರು.

"ಇದು ನಾನೇ ಒತ್ತಿದ್ದು, ಎಲ್ರಿಗೂ ತೋರ್ಸೋಕೆ. ಇನ್ಮೇಲೆ ಪ್ರತಿ ಆಪರೇಷನ್ ದಿನಾನೂ ಒತ್ತಿ ತೋರಿಸ್ತೀನಿ" ಎಂದ ಇಸಕ್ಕಿಮುತ್ತು. ಆಮೇಲೆ ಬಜರನ್ನು ಸುಮ್ಮನಾಗಿಸಿ, ಜೆಬಮಣಿಯವರ ಪಕ್ಕ ಗೋಡೆಗೆ ಬೆನ್ನು ಕೊಟ್ಟು, ಅವರ ಹಾಗೆಯೇ ಕೈ ಕಟ್ಟಿಕೊಂಡ.

"ಹಳದಿ ಬಂದ್ರೆ ಎಲ್ರೂ ಹೀಗೇ ನಿಲ್ಲಿ. ನನ್ನ ಕರೆಸಿ. ಬಂದೋರು ಯಾರು ಅಂತ ನಾನು ನೋಡಿ ಹೇಳೋವರೆಗೂ, ಸಾರ್, ನೀವೂ ಚಾಕು ಮುಟ್ಬೇಡಿ."